‘ಇನ್ನು ಕೆಲವೇ’ ಮತ್ತು ತೊಡೆದೇವಿನ ಲೆಕ್ಕ

ಜಾಹೀರಾತು ಬರೆಯುವವರ ನಡುವೆ ಒಂದು ವಾಕ್ಯಕ್ಕೆ ಅದರ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ: ‘ಇನ್ನು ಕೆಲವೇ ಬಾಕ್ಸ್‌ಗಳು ಉಳಿದಿವೆ, ಇಂದೇ ಕಾಯ್ದಿರಿಸಿ!’ ಊರ ಹೆಸರನ್ನೂ ತಿಂಡಿಯ ಹೆಸರನ್ನೂ ಬದಲಾಯಿಸಿಕೊಂಡು ಇದು ಎಲ್ಲ ಹಬ್ಬಕ್ಕೂ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆತಿಂಡಿಗಳ ವಾಟ್ಸಾಪ್ ಒಕ್ಕಣೆಗಳಿಗೂ ಈಗ ಬಂದು ಕೂತಿದೆ. ಇದು ಸುಳ್ಳಾಗಿರಬಹುದು ಎನ್ನುವುದು ನನ್ನ ಎರಡನೆಯ ತಕರಾರು. ಮೊದಲನೆಯದು, ಇದು ಕೆಟ್ಟ ಬರವಣಿಗೆ. ಕೊರತೆ ನಿಜವಾಗಿಯೂ ಇರುವ ಕಡೆಯಲ್ಲೂ ಈ ವಾಕ್ಯ ಆ ಕೊರತೆಯನ್ನು ಮುಚ್ಚಿಹಾಕುತ್ತದೆ.

ನನಗೆ ಬಂದ ಒಂದು ಒಕ್ಕಣೆಯನ್ನೇ ತೆಗೆದುಕೊಳ್ಳುತ್ತೇನೆ. ‘ಆಲೆಮನೆಯ ತಾಜಾ ಕಬ್ಬಿನ ಹಾಲಿನಲ್ಲಿ ಮಾಡಿದ ಮಲೆನಾಡ ತೊಡೆದೇವು. ದೀಪಾವಳಿಯ ಸೀಮಿತ ಆವೃತ್ತಿ. ಇನ್ನು ಕೆಲವೇ ಬಾಕ್ಸ್‌ಗಳು ಉಳಿದಿವೆ, ಇಂದೇ ಕಾಯ್ದಿರಿಸಿ!’ ಚಿತ್ರ ಚೆನ್ನಾಗಿತ್ತು. ಮೂರು ದಿನ ಬಿಟ್ಟು ಇದೇ ಒಕ್ಕಣೆ ಮತ್ತೆ ಬಂತು, ಒಂದಕ್ಷರ ಬದಲಾಗಿರಲಿಲ್ಲ. ಕೊನೆಯ ದಿನ ಎಂದು ಹೇಳಿದ್ದ ದಿನ ಕಳೆದ ಮೇಲೆ ‘ಗ್ರಾಹಕರ ಬೇಡಿಕೆಯ ಮೇರೆಗೆ ಇನ್ನೂ ಎರಡು ದಿನ’ ಎಂದು ಬಂತು. ನಾನು ಮೊದಲ ದಿನವೇ ಗಡಿಬಿಡಿಯಲ್ಲಿ ದುಡ್ಡು ಕಳಿಸಿದ್ದೆ.

ಮೊದಲ ವಾಕ್ಯವನ್ನು ನಿಧಾನವಾಗಿ ಓದಬೇಕು. ನಮ್ಮ ಕಡೆ ಆಲೆಮನೆ ಹೂಡುವುದು ಚಳಿಗಾಲದಲ್ಲಿ. ಸುಮಾರಾಗಿ ಜನವರಿಯಿಂದ ಮಾರ್ಚ್‌ವರೆಗೆ ಕಬ್ಬು ಅರೆದು, ಹಾಲು ಕಾಯಿಸಿ, ಜೋನಿಬೆಲ್ಲ ತೆಗೆಯುತ್ತಾರೆ. ದೀಪಾವಳಿ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ಆಗ ಗದ್ದೆಯ ಕಬ್ಬು ಇನ್ನೂ ನಿಂತೇ ಇರುತ್ತದೆ. ಆಲೆಮನೆಯ ತಾಜಾ ಕಬ್ಬಿನ ಹಾಲು ದೀಪಾವಳಿಗೆ ಎಲ್ಲಿಂದ ಬರಬೇಕು? ದೊಡ್ಡಹಬ್ಬಕ್ಕೆ ತೊಡೆದೇವು ಮಾಡುವವರು ಹಿಂದಿನ ಆಲೆಮನೆಯ ಜೋನಿಬೆಲ್ಲವನ್ನು ಡಬ್ಬಿಯಿಂದ ತೆಗೆದು, ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿಗೆ ಕಲಸುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಜವಾದ ಕೊರತೆ ಇರುವುದೂ ಅಲ್ಲಿಯೇ, ಡಬ್ಬಿಯಲ್ಲಿ ಮಿಕ್ಕಿರುವ ಬೆಲ್ಲದಲ್ಲಿ. ಅದು ತೀರಿದರೆ ಮುಂದಿನ ಆಲೆಮನೆಯವರೆಗೆ ಇಲ್ಲ. ಒಕ್ಕಣೆ ಬರೆದವನು ‘ತಾಜಾ’ ಎಂಬ ಪದದ ಆಸೆಗೆ ತನ್ನ ಕೈಲಿದ್ದ ಅತ್ಯುತ್ತಮ ಕಾರಣವನ್ನು ಬಿಟ್ಟುಕೊಟ್ಟ. ಕೊರತೆಗೆ ಕಾರಣ ಹೇಳದ ಮಾತು ಎಷ್ಟು ಸುಲಭವಾಗಿ ಸುಳ್ಳಿಗೆ ಜಾರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ‘ಸೀಮಿತ ಆವೃತ್ತಿ’. ಆವೃತ್ತಿ ಎಂಬುದನ್ನು ನಾವು ಪುಸ್ತಕದಿಂದ ಎರವಲು ತಂದಿದ್ದೇವೆ. ಕನ್ನಡ ಪುಸ್ತಕಗಳ ಒಳಪುಟದಲ್ಲಿ ಮುದ್ರಣದ ವರ್ಷದ ಜೊತೆಗೆ ‘ಪ್ರತಿಗಳು: 1000’ ಎಂಬ ಸಾಲು ಇರುವುದನ್ನು ಓದುವವರೆಲ್ಲ ನೋಡಿದ್ದಾರೆ. ಎಷ್ಟು ಅಚ್ಚಾಗಿದೆ ಎಂದು ಪ್ರಕಾಶಕ ತಾನಾಗಿ ಹೇಳುತ್ತಾನೆ. ತಿಂಡಿಯವರು ಪದವನ್ನು ತಂದರು, ಆ ಸಾಲನ್ನು ಅಲ್ಲೇ ಬಿಟ್ಟರು. ಸಂಖ್ಯೆಯಿಲ್ಲದ ‘ಸೀಮಿತ’ಕ್ಕೆ ಅರ್ಥವೇ ಇಲ್ಲ, ಯಾಕೆಂದರೆ ಜಗತ್ತಿನಲ್ಲಿ ಸೀಮಿತವಲ್ಲದ ತಿಂಡಿಯೇ ಇಲ್ಲ. ‘ಕೆಲವೇ’ ಎಂಬಲ್ಲಿ ಕೊನೆಯ ಏಕಾರ ಮಾಡುವ ಕೆಲಸವೂ ಇದೇ ಜಾತಿಯದು. ‘ಕೆಲವು’ ಎಂದರೆ ‘ಎಷ್ಟು?’ ಎಂದು ಕೇಳಬೇಕೆನಿಸುತ್ತದೆ. ‘ಕೆಲವೇ’ ಎಂದಾಗ ಆ ಒತ್ತು ಪ್ರಶ್ನೆಯನ್ನು ಗಂಟಲಲ್ಲೇ ತಡೆದು, ಕೇಳುವ ಹೊತ್ತಿಗೆ ಮುಗಿದೀತು ಎಂಬ ಅಂಜಿಕೆ ಹುಟ್ಟಿಸುತ್ತದೆ. ಏಳು ಉಳಿದಿದ್ದರೂ ಏಳುನೂರು ಉಳಿದಿದ್ದರೂ ಅದು ನಡೆಯುತ್ತದೆ. ಯಾವ ಲೆಕ್ಕಕ್ಕೂ ಸಿಗದ ಮಾತು ಅದು, ಅದಕ್ಕೇ ಅದು ಇಷ್ಟು ಜನಪ್ರಿಯ.

ಹಾಗಾದರೆ ಲೆಕ್ಕ ಹೇಗಿರಬೇಕು? ತೊಡೆದೇವು ಮಾಡುವುದನ್ನು ಒಲೆಯ ಮುಂದೆ ಕೂತು ನೋಡಿದವರಿಗೆ ಅದು ತಾನಾಗಿ ಸಿಗುತ್ತದೆ. ಉರಿಯ ಮೇಲೆ ಮಡಕೆಯನ್ನು ಬೋರಲು ಹಾಕಿರುತ್ತಾರೆ. ತೆಳ್ಳಗಿನ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಬೆನ್ನ ಮೇಲೆ ಒಮ್ಮೆ ಎಳೆದರೆ ಕಾಗದದಷ್ಟು ತೆಳುವಾದ ಪದರ ಹಿಡಿಯುತ್ತದೆ. ತೊಡೆಯುವುದರಿಂದಲೇ ಅದು ತೊಡೆದೇವು. ಅಂಚು ಬಿಟ್ಟ ಕೂಡಲೇ ಎಬ್ಬಿಸಿ, ಬಿಸಿಯಿರುವಾಗಲೇ ಮಡಚಬೇಕು, ತಣಿದರೆ ಮುರಿಯುತ್ತದೆ. ಉರಿ ಹೆಚ್ಚಾದರೆ ಬೆಲ್ಲ ಸೀಯುತ್ತದೆ, ಕಡಿಮೆಯಾದರೆ ಪದರ ಏಳುವುದೇ ಇಲ್ಲ. ಎಷ್ಟು ಮಾಡಬಹುದು ಎಂದು ಕೇಳಿದಾಗ ಒಬ್ಬ ಅತ್ತೆ ಮಡಕೆಯಿಂದ ಕಣ್ಣು ತೆಗೆಯದೆ ಹೇಳಿದ್ದಿಷ್ಟೆ: ‘ಕೈಗೆ ಎಷ್ಟಾಗ್ತು ಅಷ್ಟೇಯ ತಮಾ.’

ಆ ಮಾತನ್ನು ಅಂಕಿಗೆ ಇಳಿಸಿ ನೋಡೋಣ. ಒಂದಕ್ಕೆ ಒಂದೂವರೆ ನಿಮಿಷ ಎಂದುಕೊಂಡರೆ ಒಂದು ಮಡಕೆಗೆ ಗಂಟೆಗೆ 40. ಬೆಳಗಿನ ನಾಲ್ಕು ಗಂಟೆಗೆ 160. ಹತ್ತಕ್ಕೊಂದು ಮುರಿದದ್ದನ್ನು ಕಳೆದರೆ 144, ಅಂದರೆ ಹನ್ನೆರಡು ತುಂಬುವ ಪೆಟ್ಟಿಗೆ ದಿನಕ್ಕೆ 12. 2025ರ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ ಬಿತ್ತು. ಹಿಂದಿನ ದಿನ ಭಾನುವಾರ, ಪಾರ್ಸೆಲ್ ನೆಚ್ಚುವಂತಿಲ್ಲ. ಬೆಂಗಳೂರಿಗೆ ಶನಿವಾರದೊಳಗೆ ಮುಟ್ಟಬೇಕಾದರೆ 15ರ ಬುಧವಾರ ಸಾಗರದಿಂದ ಹೊರಡಬೇಕು, 14ಕ್ಕೆ ಮಡಕೆ ಇಳಿಸಬೇಕು. ತೀರಾ ಮುಂಚೆ ಮಾಡಿಡುವಂತೆಯೂ ಇಲ್ಲ. ಮಳೆಗಾಲದ ಥಂಡಿ ಆ ಹೊತ್ತಿಗೂ ನಮ್ಮ ಮನೆಗಳಿಂದ ಪೂರ್ತಿ ಹೋಗಿರುವುದಿಲ್ಲ. ಗಾಳಿಯಾಡಿದರೆ ತೊಡೆದೇವು ಗರಿ ಕಳೆದುಕೊಂಡು ಮೆತ್ತಗಾಗುತ್ತದೆ. 5ರಿಂದ 14ರವರೆಗೆ ಹತ್ತು ದಿನ ಎಂದಿಟ್ಟರೆ 120 ಪೆಟ್ಟಿಗೆ. ಪ್ರತಿ ವರ್ಷ ತಪ್ಪದೆ ಕೊಳ್ಳುವವರಿಗೆ ಮೊದಲೇ 30 ಎತ್ತಿಟ್ಟಿದ್ದರೆ ಹೊಸಬರ ಮುಂದೆ ಹೇಳಬೇಕಾದ ಸಂಖ್ಯೆ 120 ಅಲ್ಲ, 90. ಪ್ರಾಮಾಣಿಕರೂ ಮುಗ್ಗರಿಸುವುದು ಈ ಕಳೆಯುವ ಲೆಕ್ಕದಲ್ಲಿಯೇ.

ಈಗ ಒಕ್ಕಣೆ ತಾನೇ ಬರೆದುಕೊಳ್ಳುತ್ತದೆ. ‘ಕಳೆದ ಆಲೆಮನೆಯ ಜೋನಿಬೆಲ್ಲದ ತೊಡೆದೇವು. ಒಂದು ಮಡಕೆ, ದಿನಕ್ಕೆ 12 ಪೆಟ್ಟಿಗೆ. ಈ ದೀಪಾವಳಿಗೆ ನಿಮಗಾಗಿ 90. ಅಕ್ಟೋಬರ್ 13ರ ಸಂಜೆಯವರೆಗೆ ಹೇಳಿದರೆ ಹಬ್ಬದ ಮೊದಲು ಬೆಂಗಳೂರು ಮುಟ್ಟುತ್ತದೆ. ಆಮೇಲೆ ಹೇಳಿದರೆ ಮುಟ್ಟುವ ಭರವಸೆ ಇಲ್ಲ.’ ಇದರಲ್ಲಿ ‘ಇಂದೇ’ ಇಲ್ಲ, ಉದ್ಗಾರ ಚಿಹ್ನೆಯೂ ಇಲ್ಲ. ಆದರೂ ಓದಿದವನಿಗೆ ತ್ವರೆಯಾಗುತ್ತದೆ, ಆ ತ್ವರೆಯ ಕಾರಣವನ್ನು ಕ್ಯಾಲೆಂಡರ್ ತೆಗೆದು ಪರೀಕ್ಷಿಸಲೂ ಬರುತ್ತದೆ.

ಇದನ್ನು ಒಪ್ಪದವರು ಎರಡು ಕಡೆ ಇದ್ದಾರೆ. ಮಾರಾಟಕಲೆ ಕಲಿಸುವವರು 1975ರ ಒಂದು ಪ್ರಯೋಗವನ್ನು ಮುಂದಿಡುತ್ತಾರೆ. ಮನಶ್ಶಾಸ್ತ್ರಜ್ಞ ವೋರ್ಚೆಲ್ ಮತ್ತು ಜೊತೆಗಾರರು ಒಂದು ಜಾಡಿಯಲ್ಲಿ ಹತ್ತು ಬಿಸ್ಕತ್ತು, ಇನ್ನೊಂದರಲ್ಲಿ ಎರಡೇ ಇಟ್ಟು ರುಚಿ ಕೇಳಿದರು. ಎರಡಿದ್ದ ಜಾಡಿಯ ಬಿಸ್ಕತ್ತು ಹೆಚ್ಚು ಬೇಕೆನಿಸಿತು. ಅಲ್ಲಿಗೆ ಇವರ ಪಾಠ ಮುಗಿಯುತ್ತದೆ. ಆದರೆ ಅದೇ ಪ್ರಯೋಗದಲ್ಲಿ ಆ ಬಿಸ್ಕತ್ತು ಹೆಚ್ಚು ರುಚಿಯಾಗಿದೆ ಎಂದು ಜನ ಹೇಳಲಿಲ್ಲ. ಆಸೆ ಏರಿತು, ನಾಲಿಗೆ ತನ್ನ ಮಾತಿಗೆ ನಿಂತಿತು. ಹಬ್ಬದ ಪೆಟ್ಟಿಗೆಗೆ ಇದು ಇನ್ನೂ ಮುಖ್ಯ, ಏಕೆಂದರೆ ಕೊಳ್ಳುವವನೇ ತಿನ್ನುವವನಲ್ಲ. ಅವನು ಅದನ್ನು ಅಕ್ಕನ ಮನೆಗೋ ಬೀಗರ ಮನೆಗೋ ಕಳಿಸುತ್ತಾನೆ. ಮೆತ್ತಗಾದ ತೊಡೆದೇವು ತಲುಪಿದರೆ ಮರ್ಯಾದೆ ಹೋಗುವುದು ಕಳಿಸಿದವನದು.

ಎರಡನೆಯವರ ಜೊತೆ ನನ್ನ ಜಗಳ ದೊಡ್ಡದು, ಏಕೆಂದರೆ ಅವರು ನನ್ನವರೇ. ತ್ವರೆ ಮಾಡಿಸುವ ಯಾವ ಮಾತೂ ಓದುಗನ ಮೇಲಿನ ದಬ್ಬಾಳಿಕೆ, ಒಳ್ಳೆಯ ತಿಂಡಿಗೆ ಒಕ್ಕಣೆಯೇ ಬೇಡ ಎನ್ನುವ ಸಾಹಿತ್ಯದ ಗೆಳೆಯರು ಇವರು. ಕೇಳಲು ಚೆಂದ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಎಂದು ಯಾರೂ ಸಾರಬೇಕಿಲ್ಲ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೊರಡುವವರಿಗೆ ತಿಥಿ ಗೊತ್ತು. ಆದರೆ ಒಲೆಯ ಮುಂದೆ ಒಬ್ಬಳೇ ಕೂತವಳ ಕೈ ಎಷ್ಟೆಂದು ಮಲ್ಲೇಶ್ವರದಲ್ಲಿ ಕೂತವನಿಗೆ ಗೊತ್ತಾಗುವುದು ಹೇಗೆ? ಅವಳು ಸುಮ್ಮನಿದ್ದು, ಅವನು 17ಕ್ಕೆ ದುಡ್ಡು ಕಳಿಸಿ, ಬಲಿಪಾಡ್ಯಮಿ ಕಳೆದ ಮೇಲೆ ಪೆಟ್ಟಿಗೆ ಬಂದರೆ ಆ ಮೌನವನ್ನು ಯಾವ ನೀತಿ ಎನ್ನೋಣ? ಕೊನೆಯ ದಿನ ಇದೆ ಎಂದು ಗೊತ್ತಿದ್ದೂ ಹೇಳದಿರುವುದು ಇಲ್ಲದ ಕೊನೆಯ ದಿನವನ್ನು ಹೇಳಿದಷ್ಟೇ ದೊಡ್ಡ ತಪ್ಪು. ಕೈಕೆಲಸದ ಘನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಆ ಕೈ ದಿನಕ್ಕೆ ಎಷ್ಟು ಮಾಡುತ್ತದೆ ಎಂಬ ಸಂಖ್ಯೆಯನ್ನು ವ್ಯಾಪಾರದ ಮಾತು ಎಂದು ದೂರ ಇಟ್ಟಿದ್ದೇವೆ. ನನ್ನ ಮಟ್ಟಿಗೆ ‘ದಿನಕ್ಕೆ 12’ ಎನ್ನುವುದು ಅವಳ ದುಡಿಮೆಗೆ ಸಿಗುವ ಅತ್ಯಂತ ನೇರವಾದ ಗೌರವ. ‘ಅಜ್ಜಿಯ ಕೈರುಚಿ’ಯಂಥ ಮಾತುಗಳಲ್ಲಿ ಆ ದುಡಿಮೆ ಕಾಣುವುದೇ ಇಲ್ಲ.

ಕಾನೂನಿದೆಯಲ್ಲ ಎನ್ನುವವರಿಗೂ ಒಂದು ಮಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು ಹೆಸರಿಸುತ್ತದೆ, ಅದರಲ್ಲಿ ಮೊದಲನೆಯದೇ ಸುಳ್ಳು ತುರ್ತು. ದಾಸ್ತಾನು ಬೇಡಿಕೆಗೆ ಸಾಲದು ಎಂದು ಕಂಡರೆ ಅದನ್ನು ಜಾಹೀರಾತಿನಲ್ಲೇ ತಿಳಿಸಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯದು. ಆದರೆ ‘ಕೆಲವೇ’ ಸುಳ್ಳೆಂದು ಸಾಬೀತು ಮಾಡುವುದು ಹೇಗೆ? ಸಂಖ್ಯೆ ಹೇಳಿದವನನ್ನು ಮಾತ್ರ ಹಿಡಿಯಬಹುದು. ಕೊಳ್ಳುವವರಿಗೆ ಸದ್ಯಕ್ಕಿರುವ ಉಪಾಯ ಸಣ್ಣದು: ಒಕ್ಕಣೆಯನ್ನು ಎರಡು ದಿನ ಇಟ್ಟುಕೊಂಡು ನೋಡುವುದು. ನಿಜವಾದ ಸಂಖ್ಯೆ ಇಳಿಯುತ್ತದೆ, 90 ಇದ್ದದ್ದು 61 ಆಗುತ್ತದೆ. ಸುಳ್ಳಿನದು ನಿಂತಲ್ಲೇ ನಿಲ್ಲುತ್ತದೆ.

ನಾನು ಮೆಚ್ಚಿದ ಒಕ್ಕಣೆಯಲ್ಲೂ ಒಂದು ಕಷ್ಟ ಉಳಿದಿದೆ. ಹೆಂಚಿನ ಮೇಲೆ ಮಳೆ ಸುರಿದು, ಸೌದೆ ಹಸಿಯಾಗಿ, ಎರಡು ದಿನ ಮಡಕೆ ಕಾಯದಿದ್ದರೆ 90 ಎಂದವರ ಬಳಿ 66 ಮಾತ್ರ ಇರುತ್ತದೆ. ಹೊಸನಗರದ ಕಡೆ ಅಕ್ಟೋಬರಿನಲ್ಲೂ ಅಂಥ ದಿನ ಬರುತ್ತದೆ. ಆಗ 24 ಜನರಿಗೆ ಫೋನ್ ಮಾಡಿ, ದುಡ್ಡು ವಾಪಸ್ ಕಳಿಸುತ್ತೇವೆ ಎನ್ನಬೇಕು. ಮೊದಲು ಹೇಳಿದವರಿಗೆ ಮೊದಲು ಕೊಡುತ್ತೇವೆ ಎಂಬ ಸಾಲನ್ನು ಒಕ್ಕಣೆಯಲ್ಲಿ ಮೊದಲೇ ಬರೆದಿದ್ದರೆ ಆ ಫೋನು ಸ್ವಲ್ಪ ಹಗುರ. ನನ್ನ ಕರಡಿನಲ್ಲಿ ಅದು ಇರಲಿಲ್ಲ, ಸೇರಿಸಬೇಕು.