ಒಂದೇ ಅಗಲದ ಮೂರು ಬಿರುಕು

ಸಿ. ಬೆಳಗಲ್‌ನಲ್ಲಿ ಏಪ್ರಿಲ್ ತಿಂಗಳ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಶುರುವಾದ ಮೋಲ್ಡ್ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಸಂಜೆ ಮನೆಯ ಯಜಮಾನರು ಏಣಿ ಹತ್ತಿ ನೋಡಿದರೆ ಹೊಸ ಸ್ಲ್ಯಾಬಿನ ಮೇಲೆ ಓರೆಯಾಗಿ ನಾಲ್ಕೈದು ಗೆರೆ. ಮೇಸ್ತ್ರಿ ಅದರ ಮೇಲೆ ಸಿಮೆಂಟ್ ನೀರು ಬಳಿದು ‘ಏನೂ ಆಗಲ್ಲ’ ಅಂದ. ಮಳೆಗಾಲ ಮುಗಿಯುವಷ್ಟರಲ್ಲಿ ಇನ್ನೆರಡು ಗೆರೆ ಕಂಡವು. ಒಂದು ಕೋಣೆಯ ಒಳಗೆ ಛಾವಣಿಯ ಗಾರೆಯಲ್ಲಿ, ಇನ್ನೊಂದು ಬಾಲ್ಕನಿಯ ಮೇಲೆ, ಗೋಡೆಗೆ ಅಂಟಿಕೊಂಡಂತೆ. ಆಗ ಯಜಮಾನರು ಆದೋನಿಯಿಂದ ಒಬ್ಬ ಸಲಹೆಗಾರ ಎಂಜಿನಿಯರನ್ನು ಕರೆಸಿದರು. ಎಂಜಿನಿಯರ್ ಬಂದು ನೋಡಿದರು, ವಾರ ಬಿಟ್ಟು ನಾಲ್ಕು ಪುಟದ ಪತ್ರ ಕಳಿಸಿದರು.

ಪತ್ರದ ಮೊದಲ ಸಾಲೇ ಗಮನ ಸೆಳೆಯುವಂಥದ್ದು: ‘ಯಜಮಾನರೇ, ನಿಮ್ಮ ಮನೆಯ ಮೂರು ಬಿರುಕುಗಳೂ ಒಂದೇ ಅಗಲ ಇವೆ. ಎರಡಕ್ಕೆ ಹೆದರಬೇಡಿ. ಮೂರನೆಯದರ ಕೆಳಗೆ ಇವತ್ತೇ ಆಸರೆ ಕೊಡಿ.’

ಅಗಲ ಅಳೆಯಲು ಅವರು ಬಳಸಿದ್ದು ಬೈಕ್ ಮೆಕ್ಯಾನಿಕ್ ವಾಲ್ವ್ ಸೆಟ್ ಮಾಡುವಾಗ ತೂರಿಸಿ ನೋಡುವ ತೆಳು ತಗಡುಗಳ ಗೇಜ್. ಮೂರರಲ್ಲೂ 0.15 ಮಿ.ಮೀ. ತಗಡು ಹೋಯಿತು, 0.2ರದು ಹೋಗಲಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಸಾಮಾನ್ಯ ಜಾಗದಲ್ಲಿ 0.3 ಮಿ.ಮೀ.ವರೆಗಿನ ಬಿರುಕನ್ನು ಒಪ್ಪುತ್ತದೆ, ಸದಾ ತೇವ ತಾಗುವ ಕಡೆ 0.2ರವರೆಗೆ. ನೋಟ್‌ಬುಕ್ಕಿನ ಮೂರು ಹಾಳೆ ಒಟ್ಟಿಗೆ ಹಿಡಿದರೆ ಹೆಚ್ಚುಕಡಿಮೆ 0.3 ಆಗುತ್ತದೆ. ಅಳತೆಯೊಂದನ್ನೇ ನಂಬಿದ್ದರೆ ಮೂರೂ ಪಾಸು.

ಮಾನಕವೇ ಬಿರುಕನ್ನು ಒಪ್ಪುವುದು ಏಕೆ ಎಂದು ಯಜಮಾನರಿಗೆ ಅಚ್ಚರಿಯಾಗಿತ್ತು. ಅದಕ್ಕೆ ಪತ್ರ ಒಂದಿಡೀ ಪುಟ ಕೊಟ್ಟಿದೆ. ಕಾಂಕ್ರೀಟನ್ನು ಒತ್ತಿದರೆ ತಡೆಯುತ್ತದೆ, ಎಳೆದರೆ ಹರಿಯುತ್ತದೆ. ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬು ಭಾರಕ್ಕೆ ಒಂದಿಷ್ಟು ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ಹಿಗ್ಗುವ ಆ ತಳದಲ್ಲಿ ಕಂಬಿ ಇಡುತ್ತಾರೆ. ಬಲದ ಲೆಕ್ಕ ಹಾಕುವ ಎಂಜಿನಿಯರ್ ಅಲ್ಲಿನ ಕಾಂಕ್ರೀಟ್ ಆಗಲೇ ಬಿರಿದಿದೆ ಎಂದೇ ಹಿಡಿದು, ಇಡೀ ಎಳೆತವನ್ನು ಕಂಬಿಗೆ ವಹಿಸಿರುತ್ತಾನೆ. ಹಾಗಾಗಿ ತಳದಲ್ಲಿ ಕೂದಲೆಳೆಯಷ್ಟು ಬಿರಿದರೆ ಲೆಕ್ಕ ತಪ್ಪಿದಂತಲ್ಲ. ಕಂಬಿ ಇದ್ದ ಜಾಗದಲ್ಲೇ ಇರಬೇಕು, ತುಕ್ಕು ಹಿಡಿಯಬಾರದು, ಅಷ್ಟೇ.

ಇನ್ನು ಮೊದಲ ಬಿರುಕು, ಮೋಲ್ಡ್ ಹಾಕಿದ ಸಂಜೆಯೇ ಕಂಡದ್ದು. ಅದರ ಕಾರಣವನ್ನು ಪತ್ರ ಆ ದಿನದ ಹವೆಯಲ್ಲಿ ಹುಡುಕುತ್ತದೆ. 40 ಡಿಗ್ರಿ ಬಿಸಿಲು, ಒಣ ಹವೆ, ತಾಸಿಗೆ ಹದಿನೈದು ಕಿಲೋಮೀಟರಿನ ಗಾಳಿ ಇದ್ದರೆ ಹಸಿ ಕಾಂಕ್ರೀಟಿನ ಒಂದು ಚದರ ಮೀಟರಿನಿಂದ ತಾಸಿಗೆ ಸುಮಾರು ಒಂದೂವರೆ ಲೀಟರ್ ನೀರು ಆರಿಹೋಗುತ್ತದೆ. ಒಂದು ಲೀಟರ್ ದಾಟಿದರೇ ಅಪಾಯ ಎನ್ನುತ್ತಾರೆ ಬಲ್ಲವರು. ಈ ಕೋಣೆ ಹದಿನಾರು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಅಂದರೆ ತಾಸಿಗೆ ಇಪ್ಪತ್ತನಾಲ್ಕು ಲೀಟರ್, ಒಂದೂವರೆ ಕೊಡ. ಒಳಗಿನ ನೀರು ಅಷ್ಟು ಬೇಗ ಮೇಲೆ ಬರಲಾರದು. ಮೇಲ್ಪದರ ಕುಗ್ಗುತ್ತದೆ, ಬಲ ಬಂದಿಲ್ಲದ್ದರಿಂದ ಹರಿಯುತ್ತದೆ. ಕೆರೆ ಬತ್ತಿದಾಗ ಕಪ್ಪು ನೆಲ ಬಿರಿಯುವುದೂ ಹೀಗೆಯೇ.

ಇಂಥ ಗೆರೆಗಳನ್ನು ಗುರುತಿಸುವುದು ಸುಲಭ. ಮೋಲ್ಡ್ ಹಾಕಿದ ಕೆಲವೇ ತಾಸಿನಲ್ಲಿ ಹುಟ್ಟುತ್ತವೆ. ಓರೆಯಾಗಿ, ಒಂದಕ್ಕೊಂದು ಸಮಾಂತರವಾಗಿ ಓಡುತ್ತವೆ. ಸ್ಲ್ಯಾಬಿನ ಅಂಚು ಮುಟ್ಟುವ ಮೊದಲೇ ಸಾಮಾನ್ಯವಾಗಿ ನಿಂತುಬಿಡುತ್ತವೆ. ಭಾರದಿಂದ ಹುಟ್ಟಿದವಲ್ಲವಾದ್ದರಿಂದ ಭಾರ ಬಿದ್ದರೂ ಬೆಳೆಯುವುದಿಲ್ಲ. ಆದರೆ ಕೆಲವು ಆಳಕ್ಕೂ ಇಳಿದಿರುತ್ತವೆ, ಅವುಗಳಿಂದ ಮಳೆನೀರು ಇಳಿದರೆ ಕಂಬಿಗೆ ತೊಂದರೆ. ಅದಕ್ಕೇ ಸುತ್ತ ಗಾರೆಯ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಕೆಳಗಿನಿಂದ ನೋಡಿದರು. ಒಂದು ಕಡೆ ಮಾತ್ರ ಅಂಗೈಯಗಲ ತೇವ. ಅಲ್ಲಿ ಪಾಲಿಮರ್ ಬೆರೆಸಿದ ಸಿಮೆಂಟ್ ಲೇಪ ಹಚ್ಚಲು ಬರೆದಿದ್ದಾರೆ. ಮೇಸ್ತ್ರಿ ಬಳಿದ ಬರೀ ಸಿಮೆಂಟ್ ನೀರು ಒಣಗಿ ಹಪ್ಪಳದಂತೆ ಎದ್ದಿತ್ತು. ಮುಂದಿನ ಸಲ ಬೇಸಿಗೆಯಲ್ಲಿ ಮೋಲ್ಡ್ ಹಾಕುವುದಾದರೆ ನಸುಕಿನಲ್ಲಿ ಶುರು ಮಾಡಬೇಕು, ಹಾಕಿದಷ್ಟು ಭಾಗಕ್ಕೆ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು, ಕನಿಷ್ಠ ಹತ್ತು ದಿನ ನೀರು ಆರಗೊಡಬಾರದು ಎಂಬ ಮಾತೂ ಇದೆ.

ಎರಡನೆಯದರ ಕತೆ ಸಣ್ಣದು. ಛಾವಣಿಯ ಗಾರೆಯನ್ನು ಬೆರಳ ಗೆಣ್ಣಿನಿಂದ ಬಡಿದಾಗ ಪೊಳ್ಳು ಸದ್ದು ಬಂತು. ಎರಡು ಇಂಚಿನಷ್ಟು ಗಾರೆ ಕಿತ್ತು ನೋಡಿದರೆ ಒಳಗಿನ ಕಾಂಕ್ರೀಟಿನಲ್ಲಿ ಗೆರೆಯೇ ಇರಲಿಲ್ಲ. ಗಾರೆ ಮಾತ್ರ ಬಿಟ್ಟುಕೊಂಡಿತ್ತು. ಸ್ಲ್ಯಾಬು ಕೆಳಗೆ ಜೋತಿಲ್ಲವೆಂದು ದಾರ ಎಳೆದೂ ಖಾತ್ರಿ ಮಾಡಿಕೊಂಡರು.

ಮೂರನೆಯದು ಬಾಲ್ಕನಿಯ ಗೆರೆ. ಪತ್ರದ ಅತಿ ಮುಖ್ಯ ಭಾಗ ಇದೇ.

ಗೋಡೆಯಿಂದ ಮೂರೂವರೆ ಅಡಿ ಹೊರಚಾಚಿದ ಈ ಸ್ಲ್ಯಾಬಿಗೆ ಆಚೆ ತುದಿಯಲ್ಲಿ ಆಸರೆಯಿಲ್ಲ. ತುದಿ ಕೆಳಗೆ ಎಳೆದಾಗ ಇಲ್ಲಿ ಹಿಗ್ಗುವುದು ಮೇಲ್ಮೈ, ಅದೂ ಗೋಡೆಯ ಹತ್ತಿರ. ಆದ್ದರಿಂದ ಮುಖ್ಯ ಕಂಬಿ ಮೇಲೆ ಇರಬೇಕು. ಮೇಲೆ, ಗೋಡೆಯ ಉದ್ದಕ್ಕೆ, ನೇರವಾಗಿ ಓಡಿದ ಬಿರುಕು ಕಂಡರೆ ಅದು ಎಷ್ಟೇ ತೆಳುವಾಗಿರಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಂಬಿ ಎಲ್ಲಿದೆ? ಮೋಲ್ಡ್ ಹಾಕುವಾಗ ಬಾಂಡಲಿ ಹೊತ್ತವರು ಮೇಲಿನ ಕಂಬಿಯನ್ನು ತುಳಿದೇ ನಡೆಯುತ್ತಾರೆ. ಕೆಳಗೆ ಚೇರ್ ಕಂಬಿ ಇಡದಿದ್ದರೆ ಅದು ಕುಸಿಯುತ್ತದೆ, ಕಾಂಕ್ರೀಟ್ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ.

ಗೆರೆಯ ಪಕ್ಕದಲ್ಲಿ ಹುಷಾರಾಗಿ ಒಂದು ಸಣ್ಣ ಗುಳಿ ಕೊರೆದು ನೋಡಿದರು. ಮೇಲಿನಿಂದ 25 ಮಿ.ಮೀ. ಆಳದಲ್ಲಿ ಸಿಗಬೇಕಾದ ಕಂಬಿಯ ನಡು 70 ಮಿ.ಮೀ. ಆಳದಲ್ಲಿ ಸಿಕ್ಕಿತು. ಐದು ಇಂಚು, ಅಂದರೆ 125 ಮಿ.ಮೀ. ದಪ್ಪದ ಸ್ಲ್ಯಾಬಿನಲ್ಲಿ ಕೆಳಮೈಯಿಂದ ಕಂಬಿಗೆ 100 ಇರಬೇಕಾದ ಎತ್ತರ 55ಕ್ಕೆ ಇಳಿದಿತ್ತು. ಬಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕಂಬಿಯ ಸಂಖ್ಯೆ ಸರಿ, ದಪ್ಪ ಸರಿ, ಸಿಮೆಂಟ್ ಸರಿ. ಜಾಗವೊಂದು ತಪ್ಪಿದ್ದಕ್ಕೆ ಬಾಲ್ಕನಿಯ ಬಲ ಅರ್ಧದ ಹತ್ತಿರ ಬಂದು ನಿಂತಿತ್ತು. ಇಂಥ ಬಾಲ್ಕನಿ ಮೊದಲು ಜೋತು ಎಚ್ಚರಿಕೆ ಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ. ಗೋಡೆಯ ಅಂಚಿನಲ್ಲಿ ಬಿಟ್ಟುಕೊಂಡರೆ ಹಿಡಿಯಲು ಬೇರೆ ಆಸರೆ ಇರುವುದಿಲ್ಲ.

ಸಲಹೆಗಾರರ ಪರಿಹಾರ ಜಾಣತನದ್ದು. ಒಡೆಯುವುದು ಬೇಡ, ಸದ್ಯಕ್ಕೆ ಸೆಂಟ್ರಿಂಗ್ ಜಾಕಿ ಕೊಟ್ಟು, ಆಮೇಲೆ ಹೊರ ಅಂಚಿನ ಕೆಳಗೆ ಎರಡು ಕಂಬ, ಅವುಗಳ ಮೇಲೊಂದು ತೊಲೆ. ಆಗ ಬಾಲ್ಕನಿ ಎರಡೂ ಕಡೆ ಆಸರೆಯಿರುವ ಸ್ಲ್ಯಾಬಾಗುತ್ತದೆ, ಹಿಗ್ಗುವ ಮೈ ತಳಕ್ಕೆ ಬರುತ್ತದೆ. ಕುಸಿದ ಕಂಬಿ ಅಲ್ಲೇ ಹತ್ತಿರದಲ್ಲಿದೆ. ಮೂರೂವರೆ ಅಡಿಯ ಅಂತರಕ್ಕೆ ಅದು ಸಾಕೆಂದು ಲೆಕ್ಕ ಮಾಡಿ ತೋರಿಸಿದ್ದಾರೆ.

ಕೊನೆಯ ಪುಟದಲ್ಲಿ ಒಂದು ಕೆಲಸ ಯಜಮಾನರಿಗೇ ಬಿಟ್ಟಿದ್ದಾರೆ. ಮಾಳಿಗೆಯ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಬೇಕು, ತಿಂಗಳಿಗೊಮ್ಮೆ ನೋಡಬೇಕು. ಪ್ರತಿ ಸಲವೂ ಬೆಳಿಗ್ಗೆ ಆರಕ್ಕೇ ನೋಡಬೇಕು, ಏಕೆಂದರೆ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಮಧ್ಯಾಹ್ನದ ಅಳತೆ ಬೇರೆಯೇ ಬರುತ್ತದೆ. ಒಂದು ವರ್ಷ ಗೆರೆ ಆ ಗುರುತು ದಾಟದಿದ್ದರೆ, ತುಕ್ಕಿನ ಕಲೆ ಕಾಣದಿದ್ದರೆ, ಬಿರುಕಿನ ಒಂದು ಅಂಚು ಇನ್ನೊಂದಕ್ಕಿಂತ ಎತ್ತರವಾಗದಿದ್ದರೆ ನೋಡುವುದನ್ನು ನಿಲ್ಲಿಸಬಹುದು.

ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸಬಹುದೇ ಎಂದು ಮನೆಯವರು ಕೇಳಿದ್ದರಂತೆ. ಧಾರಾಳವಾಗಿ ಒಣಗಿಸಿ ಎಂದು ಉತ್ತರಿಸಿದ್ದಾರೆ. ಬಾಲ್ಕನಿಗೆ ಮಾತ್ರ, ಕಂಬ ಎದ್ದು ತೊಲೆ ಗಟ್ಟಿಯಾಗುವವರೆಗೆ, ಒಂದು ಹೂಕುಂಡವನ್ನೂ ಇಡಬಾರದು, ಮಕ್ಕಳು ಅತ್ತ ಹೋಗದಂತೆ ಬಾಗಿಲಿಗೆ ಬೀಗ ಹಾಕಬೇಕು.