ಬಣವೆ ಬುಡದ ಕುನ್ನಿಯ ಮೊದಲ ವಾರ

ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ದಢೇಸುಗೂರು ಕಡೆ ಹುಲ್ಲಿನ ಬಣವೆಗಳ ಬುಡದಲ್ಲಿ ಕುನ್ನಿಗಳು ಕುಂಯ್‌ಗುಡುತ್ತಿರುತ್ತವೆ. ತಾಯಿಯಿಲ್ಲದ ಒಂದನ್ನು ಮನೆಗೆ ತಂದವರು ಮೊದಲು ಕೇಳುವುದು ‘ಸೂಜಿ ಯಾವಾಗ ಹಾಕಿಸೋದ್ರೀ?’ ಎಂದು. ಸೂಜಿಗಿಂತ ಮೊದಲು ಆಗಬೇಕಾದ ಕೆಲಸವಿದೆ. ಬೀದಿಯಲ್ಲಿ ತಗುಲಿದ ಪಾರ್ವೋ ರೋಗ ಸಾಮಾನ್ಯವಾಗಿ ಒಂದು ವಾರದೊಳಗೆ ತಲೆ ಎತ್ತುತ್ತದೆ. ಹಾಗಾಗಿ ಮೊದಲ ವಾರವೆಂದರೆ ಉಣಿಸುವುದು, ಕಣ್ಣಿಟ್ಟು ನೋಡುವುದು.

ಕಪ್ಪು ಚುಕ್ಕೆಯ ಒಂದು ಹೆಣ್ಣು ಮರಿಯನ್ನೇ ತೆಗೆದುಕೊಳ್ಳಿ. ಮುಂದಿನ ಹಲ್ಲುಗಳೆಲ್ಲ ಬಂದಿವೆ, ಅಂದರೆ ಸುಮಾರು ಆರು ವಾರ. ಹಸಿದ ಮರಿಗೆ ಬಟ್ಟಲು ತುಂಬ ಹಸುವಿನ ಹಾಲು ಇಟ್ಟರೆ ಭೇದಿ ಹತ್ತುವುದೇ ಹೆಚ್ಚು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಕೋಳಿಯನ್ನೋ ಹಿಸುಕಿ, ಉಪ್ಪು ಖಾರ ಹಾಕದೆ ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ನಾಯಿಯ ರಕ್ತವನ್ನೇ ಕೆಡಿಸುತ್ತವೆ. ಇದು ಕೆಲವು ದಿನದ ಊಟ ಮಾತ್ರ, ಮುಂದೆ ಬೆಳೆಯುವ ಮರಿಗೆ ಏನು, ಎಷ್ಟು ಎಂಬುದನ್ನು ವೈದ್ಯರಿಂದಲೇ ತಿಳಿಯಿರಿ.

ನಮ್ಮಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಉಣ್ಣಿಯ ಮದ್ದು. ಎತ್ತಿಗೆ ಹಚ್ಚುವ ಔಷಧಿಯನ್ನೋ ಗದ್ದೆಗೆ ಹೊಡೆದು ಉಳಿದ ಕೀಟನಾಶಕವನ್ನೋ ನೀರಿಗೆ ಬೆರೆಸಿ ಮರಿಯನ್ನು ಮೀಯಿಸಬಾರದು. ಅದು ಮೈ ನೆಕ್ಕಿಕೊಂಡರೆ ವಿಷ ಹೊಟ್ಟೆಗೇ ಇಳಿಯುತ್ತದೆ. ಉಣ್ಣಿಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಿ. ಒಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿರುವ ಲಕ್ಷಣ, ಆ ದಿನವೇ ಪಶು ಆಸ್ಪತ್ರೆಗೆ ಒಯ್ಯಿರಿ.

ಮರಿ ಚುರುಕಾಗಿದ್ದರೂ ಮನೆಗೆ ಬಂದ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ. ಜಂತುಹುಳುವಿನ ಔಷಧಿಯನ್ನು ಅವರು ತೂಕ ನೋಡಿ ಕೊಡುತ್ತಾರೆ. ಜ್ವರ, ಭೇದಿ ಇರುವ ಮರಿಗೆ ಲಸಿಕೆ ಹಾಕುವುದಿಲ್ಲ. ನಮ್ಮ ಕಪ್ಪು ಚುಕ್ಕೆ ಡಿಸೆಂಬರ್ 1ಕ್ಕೆ ಬಂದಿತೆನ್ನಿ. ಆರೋಗ್ಯವಾಗಿದ್ದರೆ ಡಿಸೆಂಬರ್ 8ಕ್ಕೆ ಪಾರ್ವೋ, ಡಿಸ್ಟೆಂಪರ್ ತಡೆಯುವ ಮೊದಲ ಲಸಿಕೆ, ಆಮೇಲೆ ಡಿಸೆಂಬರ್ 29, ಜನವರಿ 19, ಫೆಬ್ರುವರಿ 9. ಮೂರು ತಿಂಗಳು ತುಂಬಿರುವುದರಿಂದ ರೇಬೀಸ್ ಲಸಿಕೆಯನ್ನೂ ಜನವರಿ 19ಕ್ಕೇ ಹಾಕಿಸಬಹುದು. ಇಷ್ಟು ಸಲ ಏಕೆಂದರೆ, ತಾಯಿ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ, ಅದು ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ಹೇಳಲಾಗದು. ಈ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವೈದ್ಯರು ಬದಲಿಸಿದರೆ ಅವರು ಹೇಳಿದ್ದೇ ಸರಿ. ವರ್ಷದ ಬಳಿಕ ಮತ್ತೆ ಹಾಕಿಸಬೇಕು.

ಊಟ ಬಿಟ್ಟು ಮುದುಡಿ ಮಲಗಿದರೆ, ಮತ್ತೆಮತ್ತೆ ವಾಂತಿಯಾದರೆ, ಗಬ್ಬುನಾತದ ರಕ್ತಭೇದಿ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಮನುಷ್ಯರ ಮಾತ್ರೆ ನುಂಗಿಸಬೇಡಿ, ಪ್ಯಾರಾಸಿಟಮಾಲ್ ಕೂಡ.

ಮರಿಯ ಹಲ್ಲು ಮಕ್ಕಳಿಗೆ ತಾಗಿ ಗೀರಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟೇ ಎಳೆಯ ಮರಿಯಾದರೂ ರೇಬೀಸ್ ಇರಬಹುದು.