ಸೋಮಾರಿಗಳೆಂಬ ಸುಲಭದ ಆರೋಪ

ಗುಂಪು ಚಟುವಟಿಕೆ ಕೆಟ್ಟಾಗ ಸ್ಟಾಫ್ ರೂಮಿನಲ್ಲಿ ಕೇಳುವ ಮಾತು ಒಂದೇ: ‘ಒಬ್ಬರು ಮಾಡ್ತಾರೆ, ಮಿಕ್ಕವರು ಮಜಾ ಮಾಡ್ತಾರೆ.’ ಮದ್ದೂ ಸಿದ್ಧವಿರುತ್ತದೆ. ಗುಂಪಿಗೊಬ್ಬರಂತೆ ಜಾಣರನ್ನು ಹಾಕಿ, ಎಲ್ಲರಿಗೂ ಒಂದೊಂದು ಜವಾಬ್ದಾರಿ ಹಂಚಿ. ಸನತ್‌ನಗರದ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಗಣಿತ ಹೇಳುವ ನಾನು ಎರಡನ್ನೂ ಪಾಲಿಸಿದ್ದೆ. ಪಾಠ ನೆಲಕಚ್ಚಿದ್ದು ಮಕ್ಕಳಿಂದಲ್ಲ, ಈ ಮದ್ದಿನಿಂದಲೇ.

ಕರೆಂಟ್ ಬಿಲ್ಲಿನ ಸ್ಲ್ಯಾಬ್ ಲೆಕ್ಕ ಬಿಡಿಸಿ ಚಾರ್ಟ್ ಮಾಡುವುದು ಕೆಲಸ. ತರಗತಿಗೆಂದು ಸರಳ ದರ ಇಟ್ಟುಕೊಂಡಿದ್ದೆ: ಮೊದಲ 50 ಯೂನಿಟ್‌ಗೆ 2 ರೂಪಾಯಿಯಂತೆ, ಅದರಾಚೆಗೆ 3 ರೂಪಾಯಿಯಂತೆ. ನಾಲ್ವರ ಗುಂಪಿನಲ್ಲಿ ನಾಯಕಿ, ಬರೆಯುವವನು, ಸಮಯ ನೋಡುವವನು, ಓದಿ ಹೇಳುವವಳು. ಗುಂಪಿಗೆ ಒಂದೇ ಅಂಕ. ಚಾರ್ಟುಗಳು ಚೆನ್ನಾಗಿಯೇ ಬಂದವು. ಆಮೇಲೆ 80 ಯೂನಿಟ್ ಕೊಟ್ಟು ಒಬ್ಬೊಬ್ಬರೇ ಮಾಡಿ ಎಂದರೆ, ಹೆಚ್ಚಿನವರು ಅಷ್ಟನ್ನೂ 3ರಿಂದ ಗುಣಿಸಿ 240 ಬರೆದರು. ಸರಿಯುತ್ತರ 190.

ಸಮಯ ನೋಡುವವನು ಗಡಿಯಾರ ನೋಡಿದ್ದ, ಸ್ಲ್ಯಾಬ್ ಅಲ್ಲ. ಜವಾಬ್ದಾರಿ ಹಂಚಿದೆವೆಂದು ನಾವು ಬೀಗುವುದು ಇಲ್ಲೇ ಪೊಳ್ಳಾಗುತ್ತದೆ: ಹಂಚಿದ್ದು ಚಾಕರಿಯನ್ನು, ಗಣಿತವನ್ನಲ್ಲ. ಸಹಕಾರಿ ಕಲಿಕೆಗೆ ಡೇವಿಡ್ ಮತ್ತು ರೋಜರ್ ಜಾನ್ಸನ್ ಹೇಳಿದ ಅಗತ್ಯಗಳಲ್ಲಿ ಎರಡು ಇಲ್ಲಿ ಮುಖ್ಯ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗಬಾರದು; ಪ್ರತಿಯೊಬ್ಬರೂ ತಾವು ಕಲಿತದ್ದಕ್ಕೆ ಉತ್ತರ ಕೊಡಬೇಕು. ನನ್ನ ಚಾರ್ಟನ್ನು ಒಬ್ಬಳೇ ಮುಗಿಸಬಹುದಿತ್ತು, ಒಂದೇ ಅಂಕದ ಮರೆಯಲ್ಲಿ ಮೂವರು ಕೂರಬಹುದಿತ್ತು. ಹಾಗೆ ಕೂತದ್ದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ಜಾಣರು ಇತರರನ್ನು ಎಳೆದೊಯ್ಯುತ್ತಾರೆ ಎಂಬ ನಂಬಿಕೆಯೂ ಅರ್ಧಸತ್ಯವೇ. ನೊರೀನ್ ವೆಬ್ ಅವರ ಅಧ್ಯಯನಗಳು ತೋರಿಸಿದಂತೆ, ವಿವರಿಸಿ ಹೇಳಿಕೊಡುವ ಮಗುವಿಗೆ ಲಾಭ; ಬರೀ ಉತ್ತರ ಪಡೆದ ಮಗುವಿಗೆ ಅದು ದಕ್ಕುವುದಿಲ್ಲ. ಚಾರ್ಟ್ ಮುಗಿಸುವ ಅವಸರದಲ್ಲಿದ್ದವಳು ಯಾಕೆ ವಿವರಿಸಿಯಾಳು?

ಇದಕ್ಕೆ ಪರಿಹಾರ ಹಳೆಯದೇ ಇದೆ. ಶಾಲೆಗಳಲ್ಲಿ ಬಿಳಿಯ, ಕಪ್ಪು ಮಕ್ಕಳನ್ನು ಒಟ್ಟಿಗೆ ಕೂರಿಸಿದ ಮೇಲೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ತಲೆದೋರಿದ ಜಗಳ, ಪೈಪೋಟಿಗಳಿಗೆ 1971ರಲ್ಲಿ ಎಲಿಯಟ್ ಆರನ್ಸನ್ ಕಂಡುಕೊಂಡ ದಾರಿ ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಅದನ್ನೇ ಬಿಲ್ಲಿಗೆ ತಂದೆ. ಒಬ್ಬರ ಚೀಟಿಯಲ್ಲಿ ಹಿಂದಿನ, ಈಗಿನ ಮೀಟರ್ ರೀಡಿಂಗ್, ಇನ್ನೊಬ್ಬರದರಲ್ಲಿ ಮೊದಲ ಸ್ಲ್ಯಾಬ್, ಮತ್ತೊಬ್ಬರಲ್ಲಿ ಎರಡನೆಯದು, ಕೊನೆಯವರಲ್ಲಿ ನಿಗದಿತ ಶುಲ್ಕ. ಒಂದೇ ಬಗೆಯ ಚೀಟಿಯವರು ಮೊದಲು ಒಟ್ಟಿಗೆ ಕೂತು ತಮ್ಮ ಭಾಗ ಅರ್ಥಮಾಡಿಕೊಂಡು, ಆಮೇಲೆ ಗುಂಪಿಗೆ ಮರಳಿ ಬಾಯಲ್ಲೇ ಹೇಳಿಕೊಡಬೇಕು. ಚೀಟಿ ಮೇಜಿನ ಮೇಲಿಟ್ಟರೆ ಮುಗಿಯಿತು, ಪೆನ್ಸಿಲ್ ಮತ್ತೆ ಜಾಣೆಯ ಕೈಗೇ.

ಇಷ್ಟೂ ಸಾಲದು. ಕೊನೆಗೆ ಪ್ರತಿಯೊಬ್ಬರಿಗೂ ಬೇರೆ ರೀಡಿಂಗ್ ಕೊಟ್ಟು, ಹಿಂದಿನ ತಮ್ಮದೇ ಅಂಕಕ್ಕಿಂತ ಯಾರೆಷ್ಟು ಮೇಲೇರಿದರೆಂದು ನೋಡಿ ಗುಂಪಿಗೆ ಅಂಕ ಕೊಡಬೇಕು. ಇದು ರಾಬರ್ಟ್ ಸ್ಲೇವಿನ್ ಕ್ರಮ. ಆಗ ಹಿಂದುಳಿದವನ ಏರಿಕೆಯೇ ಗುಂಪಿಗೆ ಹೆಚ್ಚು ತರುತ್ತದೆ; ಜಾಣೆಗೆ ವಿವರಿಸದೆ ಗತ್ಯಂತರವಿಲ್ಲ.

ತೊಡಕಿಲ್ಲವೆಂದಲ್ಲ. ತನ್ನ ತುಂಡನ್ನು ಗಟ್ಟಿ ಮಾಡಿಕೊಂಡ ಮಗು ಉಳಿದವನ್ನು ಮೇಲೆಮೇಲೆ ಕೇಳಿರುತ್ತದೆ. ಒಬ್ಬರು ರಜೆ ಹಾಕಿದರೆ ಬಿಲ್ಲೇ ಅಪೂರ್ಣ. ಐದು ಜನರ ಗುಂಪು ಮಾಡಿ ಎರಡನೇ ಸ್ಲ್ಯಾಬಿನ ಚೀಟಿಯನ್ನು ಇಬ್ಬರಿಗೆ ಕೊಡುವುದು ವಾಸಿ, ಎಡವುವುದು ಅಲ್ಲೇ ತಾನೆ.